ಸೊನ್ನೆ ಬ್ಯಾಲೆನ್ಸ್ ಮಾಡಿದರೆ ಖಾತೆ ಮುಚ್ಚುವುದಿಲ್ಲ

“ಬಳಸದ ಖಾತೆಯ ಹಣವೆಲ್ಲ ತೆಗೆದುಬಿಡಿ, ಅದು ತಾನಾಗಿಯೇ ಮುಚ್ಚಿಹೋಗುತ್ತೆ.”

ಈ ಸಂದೇಶ ತಪ್ಪು. ನೀವು ಅರ್ಜಿ ಕೊಟ್ಟು, ಬ್ಯಾಂಕ್‌ನವರು ಖಾತೆಯನ್ನು ಮುಚ್ಚುವವರೆಗೂ ಅದಕ್ಕೆ ಕೊಟ್ಟ ಆಟೋಪೇ ಸೂಚನೆಗಳು ಜೀವಂತವಾಗಿರುತ್ತವೆ. ವರ್ಷಕ್ಕೊಮ್ಮೆ ಕಟ್ಟುವ ವಿಮೆಯ ಕಂತನ್ನೇ ನೋಡಿ. ಕಳೆದ ಮೂರು ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಅದು ಕಾಣದೇ ಇರಬಹುದು. ಕಂತು ಕಡಿತವಾಗಬೇಕಾದ ದಿನ ಖಾತೆಯಲ್ಲಿ ಹಣವಿಲ್ಲದಿದ್ದರೆ ಕಂತು ವಾಪಸಾಗುತ್ತದೆ, ದಂಡ ಬೀಳಬಹುದು, ಪಾಲಿಸಿಯೇ ನಿಂತುಹೋಗಬಹುದು. ಅದಕ್ಕೇ ಖಾತೆ ಮುಚ್ಚುವ ಮೊದಲು ಪೂರ್ತಿ 12 ತಿಂಗಳ ಸ್ಟೇಟ್‌ಮೆಂಟ್ ನೋಡಬೇಕು.

ಮುಂದೆ ಬಳಸುವ ಹೊಸ ಖಾತೆಯಿಂದ ಆಟೋಪೇ ಶುರುವಾಗಿ, ಒಂದು ಕಂತು ಸರಿಯಾಗಿ ಹೋದ ಮೇಲೆ ಹಳೆಯ ಸೂಚನೆ ರದ್ದು ಮಾಡಿ. ಸಂಬಳವೂ ಒಮ್ಮೆ ಹೊಸ ಖಾತೆಗೆ ಬಂದಿರಲಿ. ಠೇವಣಿಯ ಬಡ್ಡಿ, ಅವಧಿ ಮುಗಿದಾಗಿನ ಹಣ ಎಲ್ಲಿಗೆ ಹೋಗಬೇಕು ಅನ್ನೋದನ್ನೂ ಬದಲಿಸಿ. ಆಮೇಲೆ ಅರ್ಜಿ ಕೊಟ್ಟು, ಖಾತೆ ಮುಚ್ಚಿದ್ದಕ್ಕೆ ಲಿಖಿತ ದೃಢೀಕರಣ ಪಡೆಯಿರಿ.

ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ.