ಊರಿನವರಿಗೆ ಮೂರು ಲಕ್ಷ ಸಾಕಂತೆ

ನಿನ್ನೆ ಸಾಗರದಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ, ಪಕ್ಕದಲ್ಲಿದ್ದ ಆರೋಗ್ಯ ವಿಮಾ ಏಜೆಂಟರೊಬ್ಬರು ನಮ್ಮ ಭಾವನವರಿಗೆ ಬಹಳ ವಿಶ್ವಾಸದಿಂದ ಹೇಳುತ್ತಿದ್ದರು: "ನೀವು ಊರಲ್ಲಿರೋರು ಭಾವ, ನಿಮಗೆ ಮೂರು ಲಕ್ಷದ ಪಾಲಿಸಿ ಧಾರಾಳ. ಹತ್ತು ಲಕ್ಷವೆಲ್ಲ ಬೆಂಗಳೂರಿನವರಿಗೆ." ಹೋಳಿಗೆ ಬಡಿಸುವ ಹೊತ್ತಿನಲ್ಲಿ ಜಗಳ ಬೇಡವೆಂದು ಸುಮ್ಮನಿದ್ದೆ. ಬೆಂಗಳೂರಿನ ಆಸ್ಪತ್ರೆಯೊಂದರ ಬಿಲ್ಲಿಂಗ್ ವಿಭಾಗದಲ್ಲಿ ನಾನು ಬಹಳ ಕಾಲ ಕಳೆದಿದ್ದೇನೆ. ಹಾಗಾಗಿ ಅಲ್ಲಿ ನುಂಗಿಕೊಂಡ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಊರಿನಲ್ಲಿರುವವರ ಕಾಯಿಲೆಯೂ ಊರಿನಲ್ಲೇ ವಾಸಿಯಾಗುತ್ತದೆ ಎಂಬುದು ಈ ಸಲಹೆಯ ಹಿಂದಿರುವ ನಂಬಿಕೆ. ಸಣ್ಣಪುಟ್ಟ ವಿಷಯಗಳಲ್ಲಿ ಅದು ನಿಜವೂ ಹೌದು. ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯನ್ನು ಪಟ್ಟಣದ ನರ್ಸಿಂಗ್ ಹೋಮಿನಲ್ಲಿ ಸುಮಾರು ಐವತ್ತು ಸಾವಿರದೊಳಗೆ ಮುಗಿಸಿಕೊಂಡು ಬರಬಹುದು. ಅದೇ ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಒಂದೂವರೆ ಲಕ್ಷದ ಆಸುಪಾಸಿನ ಬಿಲ್ಲು ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಡೆಂಗ್ಯೂ, ಅಪೆಂಡಿಕ್ಸ್‌ಗಳ ಬಿಲ್ಲು ಕಟ್ಟಿ ಮನೆ ಮಾರಿದವರನ್ನು ನಾನು ನೋಡಿಲ್ಲ. ಮನೆಯನ್ನು ಅಲ್ಲಾಡಿಸುವುದು ಹೃದಯದ ಬೈಪಾಸ್, ಮೆದುಳಿನ ರಕ್ತಸ್ರಾವ, ಕ್ಯಾನ್ಸರ್, ವೆಂಟಿಲೇಟರ್ ಮೇಲೆ ಕಳೆಯುವ ದಿನಗಳು. ಇಂಥವು ಬಂದಾಗ ನಮ್ಮ ಊರಿನ ಆಂಬ್ಯುಲೆನ್ಸ್ ಮೊದಲು ಶಿವಮೊಗ್ಗಕ್ಕೆ, ಅಲ್ಲಿಂದ ಮುಂದೆ ಮಣಿಪಾಲಕ್ಕೋ ಬೆಂಗಳೂರಿಗೋ ಹೊರಡುತ್ತದೆ. ಆದ್ದರಿಂದ ವಿಮಾ ಮೊತ್ತವನ್ನು ನಿಶ್ಚಯಿಸುವಾಗ ಕೇಳಿಕೊಳ್ಳಬೇಕಾದದ್ದು ನಾವು ಎಲ್ಲಿ ವಾಸಿಸುತ್ತೇವೆ ಎಂಬುದನ್ನಲ್ಲ, ಕೈಮೀರಿದ ಕಾಯಿಲೆಗೆ ನಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತಾರೆ ಎಂಬುದನ್ನು.

ಎರಡೂ ಕಡೆಯ ಬಿಲ್ಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಎಲ್ಲಿ ಹುಟ್ಟುತ್ತದೆಂದು ತಿಳಿಯುತ್ತದೆ. ಹೃದಯದ ಸ್ಟೆಂಟಿಗೆ 2017ರಿಂದ ಸರ್ಕಾರ ಗರಿಷ್ಠ ಬೆಲೆ ನಿಗದಿ ಮಾಡಿರುವುದರಿಂದ ಆ ಮಿತಿ ಶಿವಮೊಗ್ಗಕ್ಕೂ ಬೆಂಗಳೂರಿಗೂ ಒಂದೇ. ಬೇರೆಯಾಗುವುದು ಕೊಠಡಿ ಬಾಡಿಗೆ, ವೈದ್ಯರ ಶುಲ್ಕ, ಶುಶ್ರೂಷೆ, ಆಪರೇಷನ್ ಥಿಯೇಟರಿನ ಬಾಡಿಗೆ. ಅನೇಕ ಆಸ್ಪತ್ರೆಗಳಲ್ಲಿ ಕೊಠಡಿಯ ದರ್ಜೆ ಏರಿದಂತೆ ವೈದ್ಯರ ಶುಲ್ಕವೂ ಏರುತ್ತದೆ. ರೋಗ ಒಂದೇ, ವೈದ್ಯರು ಅವರೇ, ಹಾಸಿಗೆ ಮಾತ್ರ ಬೇರೆ!

ಮೂರು ಲಕ್ಷದ ಪಾಲಿಸಿಯ ನಿಜವಾದ ಕುತ್ತು ಇಲ್ಲಿದೆ. ಕೊಠಡಿ ಬಾಡಿಗೆಗೆ ಮಿತಿಯಿರುವ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ ವಿಮಾ ಮೊತ್ತದ ಶೇಕಡಾ 1ರಷ್ಟು ಮಾತ್ರ ಕೊಡುತ್ತಾರೆ. ಅಂದರೆ ಮೂರು ಲಕ್ಷಕ್ಕೆ ಮೂರು ಸಾವಿರ. ಊರಿನ ನರ್ಸಿಂಗ್ ಹೋಮಿಗೆ ಇದು ಸಾಕು. ಈಗ ಅದೇ ಪಾಲಿಸಿ ಹಿಡಿದುಕೊಂಡು ಬೆಂಗಳೂರಿಗೆ ಹೋಗಿ ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡಿರೆಂದು ಭಾವಿಸೋಣ. ದಿನಕ್ಕೆ ಒಂಬತ್ತು ಸಾವಿರದ ಕೊಠಡಿಯಲ್ಲಿ ನಾಲ್ಕು ದಿನಕ್ಕೆ 36,000. ವೈದ್ಯರು, ಆಂಜಿಯೋಪ್ಲಾಸ್ಟಿ ನಡೆಯುವ ಕ್ಯಾಥ್ ಲ್ಯಾಬ್, ಶುಶ್ರೂಷೆ ಸೇರಿ 1,20,000. ಸ್ಟೆಂಟ್, ಔಷಧಿ, ಪರೀಕ್ಷೆಗಳಿಗೆ 1,10,000. ಕೈಗವಸು, ದಾಖಲಾತಿ ಶುಲ್ಕದಂತಹ ವಿಮೆಗೆ ಒಳಪಡದ ಬಾಬ್ತುಗಳು 14,000. ಒಟ್ಟು ಬಿಲ್ಲು 2,80,000. ಮೂರು ಲಕ್ಷದ ಪಾಲಿಸಿ ಇದೆಯಲ್ಲ, ಪೂರ್ತಿ ಬರಬೇಕು ಎಂದುಕೊಳ್ಳುತ್ತೇವೆ. ಆದರೆ ಅರ್ಹತೆಯ ಮೂರು ಪಟ್ಟು ಬಾಡಿಗೆಯ ಕೊಠಡಿಯನ್ನು ಆರಿಸಿಕೊಂಡಿದ್ದರಿಂದ ಬಾಡಿಗೆಯಲ್ಲಷ್ಟೇ ಅಲ್ಲ, ಕೊಠಡಿಗೆ ಹೊಂದಿಕೊಂಡ ವೈದ್ಯರ, ಕ್ಯಾಥ್ ಲ್ಯಾಬಿನ ಮತ್ತು ಶುಶ್ರೂಷೆಯ ಶುಲ್ಕದಲ್ಲೂ ಮೂರನೇ ಒಂದು ಭಾಗ ಮಾತ್ರ ಸಿಗುತ್ತದೆ. ಬಾಡಿಗೆಯಲ್ಲಿ 12,000, ಶುಲ್ಕಗಳಲ್ಲಿ 40,000, ಸ್ಟೆಂಟ್ ಮತ್ತು ಔಷಧಿಗಳಿಗೆ ಈ ಕಡಿತ ಅನ್ವಯಿಸದ ಕಾರಣ 1,10,000 ಪೂರ್ತಿ. ವಿಮಾ ಕಂಪನಿ ಕೊಡುವುದು 1,62,000. ನಮ್ಮ ಕೈಯಿಂದ ಹೋಗುವುದು 1,18,000. ಪಾಲಿಸಿಯ ಮೊತ್ತ ಮುಗಿದೇ ಇಲ್ಲ, ಆದರೂ ಜೇಬು ಖಾಲಿ. ಇದೇ ಶೇಕಡಾ 1ರ ಮಿತಿಯುಳ್ಳ ಹತ್ತು ಲಕ್ಷದ ಪಾಲಿಸಿಯಾಗಿದ್ದರೆ ಹತ್ತು ಸಾವಿರದ ಕೊಠಡಿಗೂ ಅರ್ಹತೆಯಿದ್ದು, ವಿಮೆಗೆ ಒಳಪಡದ 14,000 ಮಾತ್ರ ನಾವು ಕಟ್ಟಬೇಕಿತ್ತು.

ಇನ್ನೂ ಒಂದು ಮಾತನ್ನು ಏಜೆಂಟರು ಎಂದೂ ತಾವಾಗಿ ಹೇಳುವುದಿಲ್ಲ. ಕೆಲವು ಪಾಲಿಸಿಗಳಲ್ಲಿ ಊರುಗಳನ್ನು ವಲಯಗಳಾಗಿ ವಿಂಗಡಿಸಿ, ಸಣ್ಣ ಊರಿನವರಿಗೆ ಪ್ರೀಮಿಯಂ ಕಡಿಮೆ ಮಾಡಿರುತ್ತಾರೆ. ಆ ರಿಯಾಯಿತಿ ಪಡೆದವರು ಮೇಲಿನ ವಲಯದ ನಗರಕ್ಕೆ ಚಿಕಿತ್ಸೆಗೆ ಹೋದರೆ ಬಿಲ್ಲಿನಲ್ಲಿ ಶೇಕಡಾ 10ರಿಂದ 20ರಷ್ಟನ್ನು ತಾವೇ ಭರಿಸಬೇಕೆಂಬ ಷರತ್ತು ಒಳಗೆಲ್ಲೋ ಕುಳಿತಿರುತ್ತದೆ. ವರ್ಷಕ್ಕೆ ಒಂದೆರಡು ಸಾವಿರ ಉಳಿಸಿಕೊಟ್ಟು ಐದು ಲಕ್ಷದ ಬಿಲ್ಲಿನಲ್ಲಿ ಒಂದು ಲಕ್ಷ ಕೀಳುವುದಕ್ಕೆ ಊರಿನವರ ಮೇಲಿನ ಕಾಳಜಿ ಎನ್ನಬೇಕಂತೆ.

"ಸರ್ಕಾರದ ಕಾರ್ಡ್ ಇದೆಯಲ್ಲ" ಎನ್ನುವವರಿದ್ದಾರೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಸೌಲಭ್ಯವಿದೆ, ಜಯದೇವದಂತಹ ಸಂಸ್ಥೆಗಳಿವೆ. ಅವುಗಳಿಂದ ಬದುಕಿದವರು ನನ್ನ ಬಂಧುಗಳಲ್ಲೇ ಇದ್ದಾರೆ. ಆದರೆ ಎಪಿಎಲ್ ಕುಟುಂಬಕ್ಕೆ ಆ ಯೋಜನೆ ಕೊಡುವುದು ಯೋಜನೆಯ ದರದ ಶೇಕಡಾ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವೂ ಬೇಕು. ನಾಲ್ಕು ಎಕರೆ ಅಡಿಕೆ ತೋಟವಿರುವ ನಮ್ಮ ಭಾವನವರು ಆ ಕಾರ್ಡನ್ನು ನಂಬಿ ಕೂರುವಂತಿಲ್ಲ.

ಹಾಗಾದರೆ ಎಷ್ಟು ಬೇಕು? ನಾನಾಗಿದ್ದರೆ ಹೀಗೆ ಲೆಕ್ಕ ಹಾಕುತ್ತೇನೆ. ದೊಡ್ಡ ಕಾಯಿಲೆಗೆ ನೀವು ಹೋಗುವ ಸಂಭವವಿರುವ ಎರಡು ಆಸ್ಪತ್ರೆಗಳ ಬಿಲ್ಲಿಂಗ್ ಕೌಂಟರಿನಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಗೆ ಇಬ್ಬರು ಹಂಚಿಕೊಳ್ಳುವ ಕೊಠಡಿಯ ದರದಲ್ಲಿ ಅಂದಾಜು ಪಟ್ಟಿ ಕೇಳಿ. ಪ್ಯಾಕೇಜ್ ದರ ಹೇಳಿದರೆ, ಎಷ್ಟು ದಿನದ ಐಸಿಯು ಅದರಲ್ಲಿ ಸೇರಿದೆ ಮತ್ತು ಅದು ಮೀರಿದರೆ ದಿನಕ್ಕೆ ಎಷ್ಟು ಎಂದು ತಪ್ಪದೆ ಕೇಳಿ. ಅಂದಾಜು ಮತ್ತು ಅಂತಿಮ ಬಿಲ್ಲಿನ ನಡುವಿನ ಅಂತರ ಬಹುತೇಕ ಅಲ್ಲೇ ಹುಟ್ಟುತ್ತದೆ. ನಾಲ್ಕೂವರೆ ಲಕ್ಷ ಎಂದರೆನ್ನಿ. ಐಸಿಯು ವಾಸ ಲಂಬಿಸಿದರೆ ಎಂದು ಒಂದೂವರೆ ಲಕ್ಷ, ಅದೇ ವರ್ಷ ಮನೆಯ ಇನ್ನೊಬ್ಬರು ಊರಿನಲ್ಲೇ ದಾಖಲಾದರೆ ಎಂದು ಐವತ್ತು ಸಾವಿರ ಸೇರಿಸಿ: ಆರೂವರೆ ಲಕ್ಷ. ಆಸ್ಪತ್ರೆಯ ಖರ್ಚು ವರ್ಷಕ್ಕೆ ಶೇಕಡಾ 10ರಂತೆ ಏರಿದರೆ ಏಳು ವರ್ಷದೊಳಗೆ ಇದು ಹದಿಮೂರು ಲಕ್ಷದ ಹತ್ತಿರ ಬಂದು ನಿಲ್ಲುತ್ತದೆ. ಆಗ ಮೊತ್ತ ಹೆಚ್ಚಿಸಿಕೊಳ್ಳೋಣ ಎನ್ನುವಂತಿಲ್ಲ, ಏಕೆಂದರೆ ಅಷ್ಟರಲ್ಲಿ ಬಂದಿರುವ ಸಕ್ಕರೆ ಕಾಯಿಲೆಗೆ ಹೆಚ್ಚಿಸಿದ ಮೊತ್ತದ ಮಟ್ಟಿಗೆ, ವಿಮೆ ಖರ್ಚು ಕೊಡದೆ ಕಾಯಿಸುವ ಅವಧಿ ಹೊಸದಾಗಿ ಆರಂಭವಾಗುತ್ತದೆ.

ಹಾಗಾಗಿ ಈಗಲೇ ಹದಿನೈದು ಲಕ್ಷದ ಪಾಲಿಸಿ ಬೇಕು. ಅದರ ಪ್ರೀಮಿಯಂ ಭಾರವೆನಿಸಿದರೆ, ಐದು ಲಕ್ಷದ ಮೂಲ ಪಾಲಿಸಿಯ ಮೇಲೆ ಐದು ಲಕ್ಷ ದಾಟಿದ ಖರ್ಚನ್ನು ಕೊಡುವ ಸೂಪರ್ ಟಾಪ್‌ಅಪ್ ಸೇರಿಸಿಕೊಳ್ಳಿ. ಅದು ಬಹಳ ಅಗ್ಗ. ಬರೀ ಟಾಪ್‌ಅಪ್ ಬೇಡ. ಅದು ಪ್ರತಿಯೊಂದು ದಾಖಲಾತಿಯ ಬಿಲ್ಲನ್ನೂ ಬೇರೆಬೇರೆಯಾಗಿ ಐದು ಲಕ್ಷಕ್ಕೆ ಹೋಲಿಸುತ್ತದೆ, ಸೂಪರ್ ಟಾಪ್‌ಅಪ್ ವರ್ಷದ ಬಿಲ್ಲುಗಳನ್ನೆಲ್ಲ ಕೂಡಿಸಿ ನೋಡುತ್ತದೆ. ಮೂಲ ಪಾಲಿಸಿಗೆ ಕೊಠಡಿ ಬಾಡಿಗೆಯ ಮಿತಿ ಇಲ್ಲದಿರುವುದನ್ನೇ ಆರಿಸಿ, ವಲಯದ ಷರತ್ತನ್ನು ಬರಹದಲ್ಲಿ ನೋಡಿ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿದ್ದಾರೆ. ಉಳಿದ ಆ ಶೇಕಡಾ 18ರಲ್ಲೇ ಸೂಪರ್ ಟಾಪ್‌ಅಪ್‌ನ ಪ್ರೀಮಿಯಂನ ದೊಡ್ಡ ಪಾಲು ಹುಟ್ಟಬಹುದು. ಭಾವನವರಿಗೆ ಇವತ್ತು ಸಂಜೆ ಇದನ್ನೇ ಫೋನಿನಲ್ಲಿ ಹೇಳಿದ್ದೇನೆ. ಏಜೆಂಟರಿಗೆ ಕಮಿಷನ್ ಜಾಸ್ತಿಯೇ ಸಿಗುತ್ತದೆ, ಅವರಿಗೂ ಬೇಸರವಾಗಲಾರದು.