sin(cos⁻¹(−3/5)): ಮೈನಸ್ ಎಲ್ಲಿಗೆ ಹೋಯಿತು?

“sin(cos⁻¹(−3/5)) ಲೆಕ್ಕಕ್ಕೆ ತ್ರಿಭುಜ ಬರೆದು, ಒಳಗಿನ ಮೈನಸನ್ನು ಉತ್ತರಕ್ಕೆ ಹಚ್ಚಿದರೆ ಆಯ್ತು, −4/5. ಗ್ರೂಪಿನಲ್ಲಿ ಬಂದ ಈ ಟ್ರಿಕ್ ಸರಿಯಾ?”

ತಪ್ಪು. ಉತ್ತರ 4/5.

ತ್ರಿಭುಜದ ಕೆಲಸ ಮೊದಲು ಮುಗಿಸೋಣ. ಮೈನಸನ್ನು ಪಕ್ಕಕ್ಕಿಟ್ಟು, ಪಾರ್ಶ್ವಬಾಹು 3, ವಿಕರ್ಣ 5 ಇರುವ ಲಂಬಕೋನ ತ್ರಿಭುಜ ಬರೆಯಿರಿ. ಅಭಿಮುಖ ಬಾಹು √(25 − 9) = 4. ಹಾಗಾಗಿ ಸೈನ್ 4/5. ಆದರೆ ಬಾಹುವಿನ ಉದ್ದಕ್ಕೆ ಮೈನಸ್ ಇರುವುದಿಲ್ಲ. ಚಿತ್ರ ಕೊಡುವುದು ಅಳತೆ ಮಾತ್ರ, ಚಿಹ್ನೆಯನ್ನು ಅದರಲ್ಲಿ ಹುಡುಕಬಾರದು.

ಚಿಹ್ನೆ ತೀರ್ಮಾನವಾಗುವುದು cos⁻¹ ಯಾವ ಕೋನ ಕೊಡುತ್ತದೆ ಎಂಬುದರಿಂದ. ಅದು ಯಾವಾಗಲೂ 0° ಮತ್ತು 180° ನಡುವಿನ ಕೋನವನ್ನೇ ಕೊಡುತ್ತದೆ. ಇಲ್ಲಿ ಕೋನ ಸುಮಾರು 126.87°, ಅಂದರೆ ಎರಡನೇ ಚತುರ್ಥಕ. ಅಲ್ಲಿ ಕೊಸೈನ್ ಋಣ, ಸೈನ್ ಧನ. ಕ್ಯಾಲ್ಕುಲೇಟರನ್ನು ಡಿಗ್ರಿಗೆ ಇಟ್ಟು ಒತ್ತಿ ನೋಡಿ, 0.8 ಬರುತ್ತದೆ. ಒಳಗೆ +3/5 ಇಟ್ಟರೂ ಅದೇ 0.8, ಕೋನ ಮಾತ್ರ 53.13°.

ಈ ಟ್ರಿಕ್ ಹಬ್ಬಿದ್ದಕ್ಕೆ ಕಾರಣ ಬಹುಶಃ ಟ್ಯಾನ್. tan(cos⁻¹(−3/5)) ಕೇಳಿದರೆ ಉತ್ತರ ನಿಜಕ್ಕೂ −4/3, ಎರಡನೇ ಚತುರ್ಥಕದಲ್ಲಿ ಟ್ಯಾನ್ ಋಣವಲ್ಲವೇ! ಅಲ್ಲಿ ಟ್ರಿಕ್ ಗೆದ್ದದ್ದು ಆಕಸ್ಮಿಕ.

cos(sin⁻¹(−3/5)) ಬಂದರೂ ಎಡವಬೇಡಿ. sin⁻¹ ಕೊಡುವ ಕೋನ −90°ಯಿಂದ 90°ವರೆಗೆ, ಇಲ್ಲಿ ಸುಮಾರು −36.87°. ಅದರ ಕೊಸೈನ್ ಧನವೇ, 4/5.