ಯಾರಿಗೂ ನೆನಪಿಲ್ಲದ ಮೀಟಿಂಗ್, ಮಿನಿಟ್ಸ್‌ನಲ್ಲಿ ಉಳಿದ ಒಂದು ಸಾಲು

ಮೀಟಿಂಗ್‌ಗೆ ಮುಂಚೆಯೇ ಮಿನಿಟ್ಸ್ ಬರೆದಿಟ್ಟು, ಆಮೇಲೆ ಸುಮ್ನೆ ಸಹಿ ಹಾಕಿಸುವ ಅಭ್ಯಾಸ ಎಷ್ಟೋ ಕಡೆ ಇದೆ. ನನಗೆ ಇದನ್ನು ಕಂಡರೆ ನಿಜವಾಗಿ ಭಯ. ಯಾಕೆ ಅಂತ ಹೇಳೋಕೆ ಆಸ್ಟ್ರೇಲಿಯಾದ ಜೇಮ್ಸ್ ಹಾರ್ಡಿ ಕಂಪನಿಯ ಕೇಸಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈ ಕಂಪನಿ ದಶಕಗಳ ಕಾಲ ಆಸ್ಬೆಸ್ಟಾಸ್ ಸಾಮಾನು ತಯಾರಿಸಿತ್ತು. ಅದರಿಂದ ಕಾಯಿಲೆ ಬಿದ್ದವರಿಗೆ ಪರಿಹಾರ ಕೊಡಲು ಒಂದು ಪ್ರತ್ಯೇಕ ಫೌಂಡೇಶನ್ ಮಾಡುವ ಯೋಜನೆ 2001ರ ಫೆಬ್ರವರಿ 15ರಂದು ಬೋರ್ಡ್ ಮುಂದೆ ಬಂತು. ಮರುದಿನವೇ ಷೇರು ಮಾರುಕಟ್ಟೆಗೆ ಪ್ರಕಟಣೆ ಹೋಯಿತು. ನ್ಯಾಯವಾದ ಎಲ್ಲಾ ಪರಿಹಾರಕ್ಕೂ ಫೌಂಡೇಶನ್ ಬಳಿ ಸಾಕಷ್ಟು ಹಣ ಇದೆ ಅಂತ ಅದರಲ್ಲಿತ್ತು. ಹಣ ಸಾಲಲಿಲ್ಲ. ಆ ಪ್ರಕಟಣೆಗೆ ಒಪ್ಪಿಗೆ ಕೊಟ್ಟವರು ಯಾರು ಅನ್ನೋದೇ ಕೋರ್ಟಿನ ಪ್ರಶ್ನೆಯಾಯಿತು.

ಮಿನಿಟ್ಸ್‌ನಲ್ಲಿ ಉತ್ತರ ಇತ್ತು. ಪ್ರಕಟಣೆಯನ್ನು ಅನುಮೋದಿಸಿ ಷೇರು ಮಾರುಕಟ್ಟೆಗೆ ಕಳಿಸಬೇಕು ಅಂತ ನಿರ್ಣಯಿಸಲಾಗಿದೆ ಎಂದು ಬರೆದಿತ್ತು. ನಿರ್ದೇಶಕರು ಮಾತ್ರ, ಅಂಥ ಕರಡು ನಮ್ಮ ಮುಂದೆ ಬಂದದ್ದೇ ನೆನಪಿಲ್ಲ ಅಂದರು. ಅವರ ಮಾತಿಗೆ ಸ್ವಲ್ಪ ಬಲವೂ ಇತ್ತು. ಆ ಮಿನಿಟ್ಸ್‌ನ ಕರಡನ್ನು ವಕೀಲರು ಮೀಟಿಂಗ್‌ಗೆ ಮುಂಚೆಯೇ ಸಿದ್ಧ ಮಾಡಿದ್ದರು. ಅದರಲ್ಲಿ ಬೇರೆ ಕೆಲವು ವಿವರಗಳು ತಪ್ಪಾಗಿದ್ದವು. ಕೊನೆಗೆ ಹೊರಬಿದ್ದ ಪ್ರಕಟಣೆಯೂ ಕರಡಿಗೆ ಅಕ್ಷರಶಃ ಸಮವಾಗಿರಲಿಲ್ಲ.

ಮೇಲ್ಮನವಿ ಕೋರ್ಟು ನಿರ್ದೇಶಕರ ಪರವಾಗಿ ತೀರ್ಪು ಕೊಟ್ಟಿತು. ಆದರೆ 2012ರ ಮೇನಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ (ಅಲ್ಲಿ ಅದೇ ಅತ್ಯುನ್ನತ ಕೋರ್ಟು) ಅದನ್ನು ತಿರುಗಿಸಿತು. ಮಿನಿಟ್ಸ್ ಘಟನೆಗೆ ಹತ್ತಿರದ ಸಮಯದ ಔಪಚಾರಿಕ ದಾಖಲೆ. 2001ರ ಏಪ್ರಿಲ್‌ನ ಮೀಟಿಂಗ್‌ನಲ್ಲಿ ಬೋರ್ಡೇ ಅದು ಸರಿ ಅಂತ ಒಪ್ಪಿಕೊಂಡಿತ್ತು. ವರ್ಷಗಳ ನಂತರ ‘ನೆನಪಿಲ್ಲ’ ಅನ್ನೋದು ‘ನಡೆದಿಲ್ಲ’ ಅನ್ನೋದಕ್ಕೆ ಪುರಾವೆ ಆಗುವುದಿಲ್ಲ. ಒಂದೆರಡು ಕಡೆ ತಪ್ಪಿದೆ ಅಂದಮಾತ್ರಕ್ಕೆ ಈ ನಿರ್ಣಯವೂ ಸುಳ್ಳು ಅಂತ ಆಗುವುದಿಲ್ಲ.

ಹಾಗಂತ ಮಿನಿಟ್ಸ್ ಪ್ರಶ್ನಿಸಲಾಗದ ದಾಖಲೆ ಅಲ್ಲ. ಬೇರೆ ಸಾಕ್ಷಿ ತಂದು ಅದನ್ನು ಅಲ್ಲಗಳೆಯಬಹುದು. ಆದರೆ ಅಲ್ಲಗಳೆಯುವ ಹೊರೆ ಅಲ್ಲಗಳೆಯುವವರ ಮೇಲೆಯೇ ಬೀಳುತ್ತದೆ. ಏಪ್ರಿಲ್ ಮೀಟಿಂಗ್‌ನಲ್ಲಿ ಒಬ್ಬರಾದರೂ ಹಿಂದಿನ ಮಿನಿಟ್ಸ್ ಗಮನವಿಟ್ಟು ಓದಿ, ಈ ಪ್ರಕಟಣೆ ನಮ್ಮ ಮುಂದೆ ಬರಲಿಲ್ಲವಲ್ಲ ಅಂತ ಕೇಳಿ, ಆ ಪ್ರಶ್ನೆ ದಾಖಲಾಗಿದ್ದರೆ ಕೇಸಿನ ದಾರಿಯೇ ಬೇರೆಯಾಗುತ್ತಿತ್ತೇನೋ ಅಂತ ನನಗನ್ನಿಸುತ್ತದೆ. ‘ಹಿಂದಿನ ಸಭೆಯ ಮಿನಿಟ್ಸ್ ಓದಿ ಅಂಗೀಕರಿಸಲಾಯಿತು’ ಅನ್ನುವ ಸಾಲನ್ನು ನಾವು ಎಷ್ಟು ಹಗುರವಾಗಿ ದಾಟುತ್ತೇವೆ ಅಲ್ವಾ? ಕೋರ್ಟಿಗೆ ಅದು ನಾವೆಲ್ಲ ಕೂತು ಹೇಳಿದ ಸಾಕ್ಷಿ.

ಆಡಿಟರ್ ಓದುವ ಬಗೆ ಬೇರೆ. ಅವರು ಮಿನಿಟ್ಸ್ ಒಂದನ್ನೇ ನಂಬಿ ಕೂರುವುದಿಲ್ಲ. ಅಲ್ಲಿ ಬರೆದದ್ದನ್ನು ಲೆಕ್ಕದ ಪುಸ್ತಕ, ಒಪ್ಪಂದ, ಬ್ಯಾಂಕ್ ಕಾಗದಗಳ ಜೊತೆ ತಾಳೆ ನೋಡುತ್ತಾರೆ. ವರ್ಷ ಮುಗಿದ ಮೇಲೆ ನಡೆದ ಮೀಟಿಂಗ್‌ಗಳ ಮಿನಿಟ್ಸ್ ಕೂಡ ಕೇಳುತ್ತಾರೆ. ಅದು ಇನ್ನೂ ಸಿದ್ಧ ಇಲ್ಲದಿದ್ದರೆ, ಏನೇನು ಚರ್ಚೆಯಾಯಿತು ಅಂತ ವಿಚಾರಿಸುತ್ತಾರೆ. ಅಂತರರಾಷ್ಟ್ರೀಯ ಆಡಿಟ್ ಮಾನದಂಡ 560ರಲ್ಲೇ ಇದು ಇದೆ.

ಇಲ್ಲಿ ಪದಗಳು ಕೈಕೊಡುತ್ತವೆ. ಒಂದು ಸಂಸ್ಥೆ ತನ್ನದೇ ಗುಂಪಿನ ಇನ್ನೊಂದು ಕಂಪನಿಯ ಸಾಲಕ್ಕೆ ಗ್ಯಾರಂಟಿ ಕೊಡುವ ವಿಷಯ ಬಂತು ಅಂದುಕೊಳ್ಳಿ. ಮಿನಿಟ್ಸ್‌ನಲ್ಲಿ ಹೀಗಿದೆ: ‘ಗ್ಯಾರಂಟಿ ಕುರಿತು ಚರ್ಚಿಸಲಾಯಿತು. ಸದಸ್ಯರು ಗಮನಿಸಿದರು.’ ಗ್ಯಾರಂಟಿ ಕೊಟ್ಟರಾ, ಇಲ್ವಾ? ಕೊಟ್ಟಿದ್ದರೆ ಲೆಕ್ಕಪತ್ರದಲ್ಲಿ ಅದನ್ನು ತಿಳಿಸಬೇಕಾಗಬಹುದು. ಆ ಕಂಪನಿಯಲ್ಲಿ ಪಾಲಿರುವ ನಿರ್ದೇಶಕರು ಮತ ಹಾಕಿದರಾ ಅನ್ನೋದೂ ಮುಖ್ಯ. ಈ ಎರಡು ಸಾಲಿನಿಂದ ಆಡಿಟರ್‌ಗೆ ಏನೂ ಸಿಗುವುದಿಲ್ಲ.

ಅದನ್ನೇ ಹೀಗೆ ಬರೆಯಬಹುದಿತ್ತು: ‘ಗ್ಯಾರಂಟಿ ಪತ್ರದ ಮೂರನೇ ಕರಡನ್ನು ಕಾರ್ಯದರ್ಶಿ ಮಂಡಿಸಿದರು. ಪ್ರತಿಯನ್ನು ಲಗತ್ತಿಸಿದೆ. ಆ ಕಂಪನಿಯಲ್ಲಿ ಪಾಲಿರುವುದಾಗಿ ತಿಳಿಸಿದ ನಿರ್ದೇಶಕರು ಹೊರಗೆ ಹೋದರು, ಮತ ಹಾಕಲಿಲ್ಲ. ಕರಡಿನಲ್ಲಿರುವ ಮಿತಿಯೊಳಗೆ ಗ್ಯಾರಂಟಿ ಕೊಡಲು ಉಳಿದವರು ನಿರ್ಣಯಿಸಿದರು.’ ಜಾಸ್ತಿ ಉದ್ದವೇನಿಲ್ಲ. ಆದರೆ ಯಾವ ಕಾಗದ, ಯಾವ ಕರಡು, ಯಾರು ನಿರ್ಧರಿಸಿದರು, ಎಲ್ಲವೂ ಗೊತ್ತಾಗುತ್ತದೆ. ಹಾರ್ಡಿ ಕೇಸಿನಲ್ಲಿ ವರ್ಷಗಟ್ಟಲೆ ಜಗಳವಾದದ್ದೇ ಟೇಬಲ್ ಮೇಲೆ ಯಾವ ಕರಡು ಇತ್ತು, ಇತ್ತೋ ಇಲ್ಲವೋ ಅನ್ನುವುದರ ಮೇಲೆ.

‘ದೀರ್ಘ ಚರ್ಚೆಯ ನಂತರ’, ‘ಸರ್ವಾನುಮತದಿಂದ’ ಅನ್ನುವ ಮಾತುಗಳೂ ಅಷ್ಟೇ. ವರ್ಷವಿಡೀ ಪ್ರತಿ ಮಿನಿಟ್ಸ್‌ನಲ್ಲಿ ಅವೇ ಕಂಡರೆ, ಇದು ನಡೆದದ್ದನ್ನು ನೋಡಿ ಬರೆದದ್ದಲ್ಲ ಅನ್ನುವ ಅನುಮಾನ ಹುಟ್ಟುತ್ತದೆ. ಒಬ್ಬರು ವಿರೋಧಿಸಿದ್ದರೆ ಅದನ್ನು ಅವರ ಹೆಸರಿನ ಸಮೇತ ಬರೆಯಿರಿ. ನಾಳೆ ಅದು ಅವರಿಗೂ ರಕ್ಷಣೆ.

ಮುಂಚೆಯೇ ಕರಡು ಮಾಡಲೇಬಾರದು ಅಂತ ನಾನು ಹೇಳುವುದಿಲ್ಲ. ಕಾನೂನಿನ ಭಾಷೆ ಬೇಕಾದ ನಿರ್ಣಯಗಳಿಗೆ ಅದು ಅನುಕೂಲವೇ. ಆದರೆ ಮೀಟಿಂಗ್ ಮುಗಿದ ತಕ್ಷಣ ಅದನ್ನು ಸಾಲು ಸಾಲಾಗಿ ತಿದ್ದಬೇಕು, ನಡೆಯದೇ ಇದ್ದದ್ದನ್ನು ತೆಗೆಯಬೇಕು. ಸಹಿಯಾದ ಮೇಲೆ ತಪ್ಪು ಕಂಡರೆ ಹಳೆಯ ಪುಟವನ್ನು ಮುಟ್ಟಬೇಡಿ. ಮುಂದಿನ ಮೀಟಿಂಗ್‌ನಲ್ಲಿ ತಿದ್ದುಪಡಿಯನ್ನು ಮಂಡಿಸಿ, ಯಾವ ಸಾಲು ಏನಾಗಬೇಕು ಅಂತ ಆ ಮೀಟಿಂಗ್‌ನ ಮಿನಿಟ್ಸ್‌ನಲ್ಲೇ ಬರೆಯಿರಿ.